ಹಲಗೆ ಹಾಕುವ ಮೊದಲು ಹೋಗಬೇಕಾದ ಇಮೇಲ್

ನದಿ ಪರಿಸರದ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಬೇಕೆಂದಿರುವ ವಿದ್ಯಾರ್ಥಿಗಳು ಪ್ರಾಧ್ಯಾಪಕರಿಗೆ ಬರೆಯುವ ಪತ್ರಗಳು ಬಹುತೇಕ ಒಂದೇ ಅಚ್ಚಿನಲ್ಲಿ ಇರುತ್ತವೆ. ‘ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಪ್ರಾಜೆಕ್ಟ್ ಮಾಡುವ ಅವಕಾಶ ಕೋರುತ್ತೇನೆ. ನನ್ನ ಆಸಕ್ತಿಯ ಕ್ಷೇತ್ರಗಳು: ನದಿ ಪರಿಸರ, ಜೀವವೈವಿಧ್ಯ, ನೀರಿನ ಗುಣಮಟ್ಟ, ಹವಾಮಾನ ಬದಲಾವಣೆ, ಜಿಐಎಸ್, ಮೈಕ್ರೋಪ್ಲಾಸ್ಟಿಕ್.’ ಜೊತೆಗೆ ಅಂಕಪಟ್ಟಿಗಳ ಲಗತ್ತು. ಇದರಲ್ಲಿ ಅವಿನಯವಿಲ್ಲ, ಸುಳ್ಳೂ ಇಲ್ಲ. ಆದರೆ ಇದನ್ನು ಓದಿದ ಅಧ್ಯಾಪಕರು ಹೂಂ ಅನ್ನುವುದಕ್ಕೂ ಆಗುವುದಿಲ್ಲ, ಉಹೂಂ ಅನ್ನುವುದಕ್ಕೂ ಆಗುವುದಿಲ್ಲ. ಏಕೆಂದರೆ ಅವರು ತೀರ್ಮಾನಿಸಬೇಕಾದ ಸಂಗತಿಯೇ ಪತ್ರದಲ್ಲಿಲ್ಲ: ಈ ಹುಡುಗಿ ಯಾವ ಹೊಳೆಗೆ ಹೋಗುತ್ತಾಳೆ, ಯಾವ ತಿಂಗಳಲ್ಲಿ ಹೋಗುತ್ತಾಳೆ, ಅಲ್ಲಿ ಏನನ್ನು ಎಣಿಸುತ್ತಾಳೆ, ಅದನ್ನು ನನ್ನ ಲ್ಯಾಬಿನಲ್ಲಿರುವ ಸಲಕರಣೆಯಿಂದ ಒಂದು ಸೆಮಿಸ್ಟರಿನಲ್ಲಿ ಮುಗಿಸಬಹುದೇ?

ಆಸಕ್ತಿ ಹೇಳುವುದೆಂದರೆ ಕ್ಷೇತ್ರಗಳ ಹೆಸರು ಬರೆಯುವುದು ಎಂಬ ತಿಳಿವಳಿಕೆಯೇ ತೊಂದರೆಯ ಮೂಲ. ನದಿಯ ಅಧ್ಯಯನದಲ್ಲಿ ಆಸಕ್ತಿಗೆ ಒಂದು ಜಾಗ ಬೇಕು, ಒಂದು ಋತು ಬೇಕು. ನದಿ ವರ್ಷವಿಡೀ ಒಂದೇ ನದಿಯಲ್ಲ. ಜುಲೈನಲ್ಲಿ ಕಾಲಿಡಲಾಗದ ಕೆಂಪು ಪ್ರವಾಹ, ಡಿಸೆಂಬರಿನಲ್ಲಿ ಮೊಣಕಾಲುದ್ದದ ತಿಳಿನೀರು, ಏಪ್ರಿಲಿನಲ್ಲಿ ಅಲ್ಲೊಂದು ಇಲ್ಲೊಂದು ಮಡು. ಪ್ರಾಜೆಕ್ಟಿಗೆ ಸಿಗುವುದು ಇದರಲ್ಲಿ ಒಂದು ತುಂಡು ಮಾತ್ರ. ಆ ತುಂಡಿಗೆ ಸರಿಹೊಂದುವ ಪ್ರಶ್ನೆಯನ್ನು ಹುಡುಕಿಕೊಂಡು ಬಂದವರ ಪತ್ರ ಉಳಿದವುಗಳ ನಡುವೆ ಎದ್ದು ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಉಡುಪಿ ಜಿಲ್ಲೆಯ ಹೆಬ್ರಿ ಕಡೆಯ ವಿದ್ಯಾರ್ಥಿನಿ ಒಬ್ಬಳು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ ಎಂದುಕೊಳ್ಳಿ. ಆಗುಂಬೆಯ ಆಸುಪಾಸಿನ ಘಟ್ಟದ ಕಾಡಿನಲ್ಲಿ ಹುಟ್ಟಿ, ಹೆಬ್ರಿಯ ಕಡೆಗೆ ಇಳಿದು, ಬಾರಕೂರಿನ ಬಳಿ ಹಾದು ಸಮುದ್ರ ಸೇರುವ ಸೀತಾನದಿ ಅವಳ ಊರಿನ ಹೊಳೆ. ‘ಸೀತಾನದಿಯ ಜೀವವೈವಿಧ್ಯ’ ಎಂಬುದು ಅವಳ ಮನಸ್ಸಿಗೆ ಬಂದ ಮೊದಲ ವಿಷಯ. ಅದು ಹತ್ತು ಜನರಿಗೆ ಹತ್ತು ವರ್ಷದ ಕೆಲಸ. ಹಾಗಾದರೆ ಅವಳ ಕಣ್ಣಿಗೆ ದಿನಾ ಬೀಳುವ, ಬೇರೆಯವರಿಗೆ ಅಷ್ಟು ಸುಲಭವಾಗಿ ಕಾಣದ ಸಂಗತಿ ಯಾವುದು? ಕಿಂಡಿ ಅಣೆಕಟ್ಟು.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುವುದಾದರೆ, ತೋಡಿಗೆ ಅಥವಾ ಹೊಳೆಗೆ ಅಡ್ಡಲಾಗಿ ಕಾಂಕ್ರೀಟಿನ ಕಂಬಗಳನ್ನು ನಿಲ್ಲಿಸಿರುತ್ತಾರೆ. ಕಂಬಗಳ ನಡುವಿನ ಕಿಂಡಿಗಳು ಮಳೆಗಾಲವಿಡೀ ತೆರೆದಿರುತ್ತವೆ, ನೀರು ತನ್ನ ಪಾಡಿಗೆ ಹರಿಯುತ್ತದೆ. ಮಳೆ ನಿಂತು ಹರಿವು ಇಳಿದ ಮೇಲೆ, ಸಾಮಾನ್ಯವಾಗಿ ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ, ಕಂಬದ ಗಾಡಿಗಳಿಗೆ ಹಲಗೆ ಇಳಿಸುತ್ತಾರೆ. ಹಳೆಯ ಕ್ರಮದಲ್ಲಿ ಎರಡು ಸಾಲು ಮರದ ಹಲಗೆ, ನಡುವೆ ತುಂಬಿದ ಮಣ್ಣು. ಈಗ ಹಲವೆಡೆ ಫೈಬರ್ ಹಲಗೆಗಳು ಬಂದಿವೆ. ಹಿಂದೆ ನೀರು ನಿಲ್ಲುತ್ತದೆ, ಅಡಿಕೆ ತೋಟಕ್ಕೆ, ಸುಗ್ಗಿ ಬೆಳೆಗೆ, ಬಾವಿಗಳ ಒರತೆಗೆ ಆಗುತ್ತದೆ. ಮುಂಗಾರಿಗೆ ಮೊದಲು ಹಲಗೆ ಮತ್ತೆ ಮೇಲೆ.

ಪ್ರಯೋಗ ಮಾಡುವವರ ಕಣ್ಣಿನಿಂದ ಇದನ್ನು ನೋಡಿದರೆ ಬೇರೆಯೇ ಕಾಣುತ್ತದೆ. ದೊಡ್ಡ ಅಣೆಕಟ್ಟು ಕಟ್ಟುವ ಮೊದಲು ಹೊಳೆ ಹೇಗಿತ್ತು ಎಂದು ಈಗ ಹೋಗಿ ಅಳೆಯಲಾಗದು. ಕಿಂಡಿ ಅಣೆಕಟ್ಟು ಮಾತ್ರ ಪ್ರತಿವರ್ಷ ಅದೇ ಜಾಗದಲ್ಲಿ ಹೊಸದಾಗಿ ಹೊಳೆಯನ್ನು ಕಟ್ಟುತ್ತದೆ, ಪ್ರತಿವರ್ಷ ಬಿಚ್ಚುತ್ತದೆ. ಮೊದಲು ಹೇಗಿತ್ತು, ಆಮೇಲೆ ಏನಾಯಿತು ಎಂಬ ಎರಡನ್ನೂ ಒಬ್ಬ ವಿದ್ಯಾರ್ಥಿನಿ ಒಂದೇ ಬೇಸಿಗೆಯೊಳಗೆ ಅಳೆಯಬಹುದು. ನದಿ ವಿಜ್ಞಾನದಲ್ಲಿ ಇಂಥ ಅನುಕೂಲ ಅಪರೂಪ.

ಏನನ್ನು ಅಳೆಯುವುದು? ಮೀನು ಎಂದು ಹೆಚ್ಚಿನವರು ಹೇಳುತ್ತಾರೆ. ಇಲ್ಲಿ ಋತು ಅಡ್ಡ ಬರುತ್ತದೆ. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರುವ ಮೀನನ್ನು ಮಲೆನಾಡಿನಲ್ಲಿ ಹತ್ತುಮೀನು ಎನ್ನುತ್ತಾರೆ. ಅಣೆಕಟ್ಟು ಆ ಮೀನನ್ನು ತಡೆಯುತ್ತದೆಯೇ ಎಂಬುದು ಒಳ್ಳೆಯ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಮೀನು ಹತ್ತುವ ಜೂನಿನಲ್ಲಿ ಹಲಗೆಗಳು ಇರುವುದಿಲ್ಲ, ಇರಬಾರದು. ಅವಳ ಸೆಮಿಸ್ಟರೂ ಆಗ ಮುಗಿದಿರುತ್ತದೆ. ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಕಾಲಕ್ಕೆ ಸರಿಹೊಂದದಿದ್ದರೆ ಬಿಡಬೇಕು.

ನವೆಂಬರಿನಿಂದ ಫೆಬ್ರವರಿಯವರೆಗೆ ಅದೇ ಜಾಗದಲ್ಲಿ ಕೂತಿರುವ ಜೀವಿಗಳು ಬೇರೆ ಇವೆ. ತೋಡಿನ ಸೆಳವಿನಲ್ಲಿರುವ ಒಂದು ಮುಷ್ಟಿಗಾತ್ರದ ಕಲ್ಲನ್ನು ಎತ್ತಿ ತಿರುವಿ ನೋಡಿ. ಕಲ್ಲಿಗೆ ಅಂಟಿಕೊಂಡಂತೆ ಚಪ್ಪಟೆಯಾದ ಒಂದು ಮರಿ ಸರಸರನೆ ಅಡ್ಡಡ್ಡ ಓಡುತ್ತದೆ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳು ಅಲುಗುತ್ತಿರುತ್ತವೆ. ಅದು ಮೇಫ್ಲೈ ಮರಿ. ಕಲ್ಲಿನ ಸಂದಿಯಲ್ಲಿ ರೇಷ್ಮೆಯ ಎಳೆಯಿಂದ ಹೆಣೆದ ಸಣ್ಣ ಬಲೆಯೊಂದು ಕಾಣಬಹುದು. ಅದನ್ನು ಕಟ್ಟಿದ್ದು ಹೈಡ್ರಾಪ್ಸೈಕಿಡೆ ಕುಟುಂಬದ ಕ್ಯಾಡಿಸ್ ಮರಿ. ಬಲೆಯ ಬಾಯಿ ಯಾವಾಗಲೂ ಹರಿವಿನ ಕಡೆಗೆ. ನೀರು ತಂದುಕೊಡುವ ಪುಡಿ ಆಹಾರವನ್ನು ಅದು ಸೋಸಿಕೊಂಡು ತಿನ್ನುತ್ತದೆ. ಹರಿವು ನಿಂತರೆ ಬಲೆಗೆ ಏನೂ ಬರುವುದಿಲ್ಲ. ಕಲ್ಲಿನ ಮೇಲೆ ಕೆಸರು ಕೂತರೆ ಮೇಫ್ಲೈಗೆ ಅಂಟಿಕೊಳ್ಳಲು ಜಾಗವಿಲ್ಲ, ಅದು ಮೇಯುವ ಪಾಚಿಯ ಪೊರೆಯೂ ಮುಚ್ಚಿಹೋಗುತ್ತದೆ. ಆಗ ಹೆಚ್ಚುವುದು ಕೆಸರಿನಲ್ಲಿ ಬದುಕುವ ಕೈರೊನೊಮಿಡ್ ಎಂಬ ನೊಣದ ಮರಿಹುಳು. ಅವುಗಳಲ್ಲಿ ಕೆಲವಕ್ಕೆ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ, ಅದಕ್ಕೇ ಕೆಂಪಗೆ ಕಾಣುತ್ತವೆ, ಆಮ್ಲಜನಕ ಕಡಿಮೆಯಿರುವಲ್ಲೂ ತಾಳಿಕೊಳ್ಳುತ್ತವೆ.

ಈ ಕಾರಣದ ಸರಪಳಿ ಸಿಕ್ಕಿತೆಂದರೆ ಆಸಕ್ತಿ ಒಂದು ಪ್ರಶ್ನೆಯಾಯಿತು: ಹಲಗೆ ಹಾಕಿದ ಆರು ವಾರಗಳ ನಂತರ, ಅಣೆಕಟ್ಟಿನ ಕೆಳಗಿನ ಸೆಳವಿನಲ್ಲಿ ಹರಿವನ್ನು ನೆಚ್ಚಿದ ಕೀಟಗಳು ಕಡಿಮೆಯಾಗುತ್ತವೆಯೇ? ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಎಂಬ ಮೂರು ಗುಂಪುಗಳನ್ನು ಒಟ್ಟಾಗಿ ಎಣಿಸುವುದು ಜಗತ್ತಿನೆಲ್ಲೆಡೆ ಹೊಳೆಯ ಆರೋಗ್ಯ ನೋಡುವವರು ಅನುಸರಿಸುವ ಕ್ರಮ. ಈ ಪ್ರಶ್ನೆಗೆ ಹೌದು ಎಂಬ ಉತ್ತರ ಬರಬಹುದು, ಇಲ್ಲ ಎಂಬುದೂ ಬರಬಹುದು. ಇಲ್ಲ ಎಂದು ಬಂದರೂ ಅದು ಫಲಿತಾಂಶವೇ. ಎರಡೂ ಬಗೆಯ ಉತ್ತರಕ್ಕೆ ತೆರೆದಿರುವ ಪ್ರಶ್ನೆಯನ್ನು ಓದಿದಾಗ ಅಧ್ಯಾಪಕರಿಗೆ ಈ ವಿದ್ಯಾರ್ಥಿ ಯೋಚಿಸಿದ್ದಾರೆ ಎಂಬುದು ತಿಳಿಯುತ್ತದೆ. ‘ಅಣೆಕಟ್ಟಿನ ದುಷ್ಪರಿಣಾಮಗಳು’ ಎಂದು ಬರೆದುಬಿಟ್ಟರೆ ತೀರ್ಪು ಮೊದಲೇ ಆಗಿಹೋಗಿರುತ್ತದೆ.

ಇಲ್ಲಿಂದ ಮುಂದೆ ಅವಳ ಯೋಜನೆ ಎಲ್ಲಿ ಮುರಿಯಬಹುದು ಎಂಬುದನ್ನು ಅವಳೇ ನೋಡಿಕೊಳ್ಳಬೇಕು. ನದಿಯ ಪ್ರಾಜೆಕ್ಟುಗಳು ಸಾಮಾನ್ಯವಾಗಿ ಮುರಿಯುವುದು ಎರಡು ಕಡೆ.

ಮೊದಲನೆಯದು ಹೋಲಿಕೆ. ನವೆಂಬರಿನಲ್ಲಿ ಅಣೆಕಟ್ಟಿನ ಕೆಳಗೆ ಕೀಟ ಎಣಿಸಿದಳು, ಜನವರಿಯಲ್ಲಿ ಮತ್ತೆ ಎಣಿಸಿದಳು, ಕಡಿಮೆಯಾಗಿದೆ. ಇದು ಹಲಗೆಯಿಂದಲೋ, ಬೇಸಿಗೆಯಿಂದಲೋ? ಹಲಗೆ ಇಲ್ಲದಿದ್ದರೂ ಆ ಎರಡು ತಿಂಗಳಲ್ಲಿ ಹೊಳೆ ಇಳಿಯುತ್ತದೆ, ಕೀಟಗಳು ಬದಲಾಗುತ್ತವೆ. ಇದನ್ನು ಬಿಡಿಸಿಕೊಳ್ಳಲು ಅದೇ ತೋಡಿನಲ್ಲಿ ಮೇಲಕ್ಕೆ ಹೋಗಿ, ನಿಂತ ನೀರು ತಲುಪದಷ್ಟು ಮೇಲೆ, ಇನ್ನೊಂದು ಸೆಳವನ್ನು ಆರಿಸಿಕೊಂಡು ಅಲ್ಲಿಯೂ ಎರಡು ಸಲ ಎಣಿಸಬೇಕು. ಮೇಲಿನ ಸೆಳವಿನಲ್ಲಿ ಆದ ಬದಲಾವಣೆ ಋತುವಿನದು. ಕೆಳಗಿನ ಸೆಳವಿನಲ್ಲಿ ಅದಕ್ಕಿಂತ ಹೆಚ್ಚಾಗಿ ಏನಾಯಿತೋ ಅದನ್ನು ಮಾತ್ರ ಹಲಗೆಯ ಲೆಕ್ಕಕ್ಕೆ ಬರೆಯಬಹುದು.

ಎರಡನೆಯದು ಸಂಖ್ಯೆ. ಒಂದೇ ಅಣೆಕಟ್ಟಿನ ಕೆಳಗೆ ಹನ್ನೆರಡು ಕಡೆ ಬಲೆ ಹಾಕಿ, ‘ನನ್ನ ಬಳಿ ಹನ್ನೆರಡು ಮಾದರಿಗಳಿವೆ’ ಎನ್ನುವವರು ಬಹಳ. ಆ ಅಣೆಕಟ್ಟಿನ ಬಗ್ಗೆ ಅವು ಹನ್ನೆರಡೇ. ಆದರೆ ಕಿಂಡಿ ಅಣೆಕಟ್ಟುಗಳ ಬಗ್ಗೆ ಅವು ಒಂದೇ. ಒಂದು ಮನೆಯ ಪಾತ್ರೆಯಿಂದ ಹನ್ನೆರಡು ಅಗುಳು ಹಿಸುಕಿ ನೋಡಿದರೆ ಆ ಮನೆಯ ಅನ್ನ ಬೆಂದಿದೆಯೇ ಎಂದು ತಿಳಿಯುತ್ತದೆ, ಊರಿನ ಅನ್ನದ ವಿಷಯ ತಿಳಿಯುವುದಿಲ್ಲ. ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ 1984ರಲ್ಲಿ ಈ ತಪ್ಪಿಗೆ ‘ಸ್ಯೂಡೊರೆಪ್ಲಿಕೇಶನ್’ ಎಂದು ಹೆಸರಿಟ್ಟು ಬರೆದ ಲೇಖನವನ್ನು ಪರಿಸರ ವಿಜ್ಞಾನದ ಅಧ್ಯಾಪಕರು ಇಂದಿಗೂ ಓದಿಸುತ್ತಾರೆ. ಆದ್ದರಿಂದ ಅವಳಿಗೆ ಒಂದಲ್ಲ, ನಾಲ್ಕು ಅಣೆಕಟ್ಟು ಬೇಕು. ನಾಲ್ಕು ಅಣೆಕಟ್ಟು, ಪ್ರತಿಯೊಂದಕ್ಕೂ ಮೇಲೊಂದು ಕೆಳಗೊಂದು ಜಾಗ, ಎರಡು ಸುತ್ತು, ಪ್ರತಿ ಸಲ ಮೂರು ಮಾದರಿ: ಒಟ್ಟು 48.

ಈ 48 ಎಂಬ ಅಂಕಿಯನ್ನು ಪತ್ರದಲ್ಲಿ ನೋಡಿದ ತಕ್ಷಣ ಅನುಭವಿ ಅಧ್ಯಾಪಕರು ದಿನಗಳ ಲೆಕ್ಕ ಹಾಕುತ್ತಾರೆ. ಕೀಟದ ಮಾದರಿಯಲ್ಲಿ ಹೊಳೆಯ ಕೆಲಸ ಚಿಕ್ಕದು, ಮೇಜಿನ ಕೆಲಸ ದೊಡ್ಡದು. ಸರ್ಬರ್ ಎಂಬ ಬಲೆಗೆ ಸುಮಾರು 30 ಸೆಂ.ಮೀ. ಉದ್ದಗಲದ ಚೌಕಟ್ಟು ಇರುತ್ತದೆ. ಅದನ್ನು ತಳದ ಮೇಲಿಟ್ಟು, ಚೌಕದೊಳಗಿನ ಕಲ್ಲುಗಳನ್ನು ಕೈಯಿಂದ ಉಜ್ಜಿದರೆ ಕೀಟಗಳು ಹರಿವಿನೊಂದಿಗೆ ಬಲೆಗೆ ಹೋಗುತ್ತವೆ. ಕೆಲವೇ ನಿಮಿಷದ ಕೆಲಸ. ಆದರೆ ಬಲೆಯಲ್ಲಿ ಎಲೆಚೂರು, ಮರಳು, ಬೇರು ಎಲ್ಲವೂ ಇರುತ್ತವೆ. ಅದನ್ನು ಆಲ್ಕೊಹಾಲಿನಲ್ಲಿ ತಂದು, ಬಿಳಿ ಟ್ರೇಯಲ್ಲಿ ಹರವಿ, ಚಿಮುಟದಿಂದ ಒಂದೊಂದೇ ಕೀಟ ಆರಿಸಿ, ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಲು ಹೊಸಬರಿಗೆ ಮಾದರಿಯೊಂದಕ್ಕೆ ಅರ್ಧ ದಿನ ಹಿಡಿಸುತ್ತದೆ ಎಂದು ಇಟ್ಟುಕೊಂಡರೆ 48ಕ್ಕೆ 24 ದಿನ. ತರಗತಿ, ಪರೀಕ್ಷೆಗಳ ನಡುವೆ ಇದು ಆಗುವ ಕೆಲಸ. ಆರು ಅಣೆಕಟ್ಟು, ನಾಲ್ಕು ಸುತ್ತು, ಐದು ಮಾದರಿ ಎಂದು ಬರೆದಿದ್ದರೆ 240 ಆಗುತ್ತಿತ್ತು, ಪ್ರಾಜೆಕ್ಟು ಬಾಟಲಿಗಳಲ್ಲೇ ಉಳಿಯುತ್ತಿತ್ತು. ಹಾಗೆಯೇ ಕೀಟಗಳನ್ನು ಪ್ರಭೇದದ ಮಟ್ಟದವರೆಗೆ ಗುರುತಿಸುತ್ತೇನೆ ಎಂದು ಒಪ್ಪಿಕೊಳ್ಳಬಾರದು. ನಮ್ಮ ಹೊಳೆಗಳ ಕೀಟಮರಿಗಳಲ್ಲಿ ಅದು ಪರಿಣತರಿಗೂ ಕಷ್ಟ. ಕುಟುಂಬದ ಮಟ್ಟ ಸಾಕು.

ಇನ್ನೂ ಒಂದೆರಡು ಮಿತಿಗಳನ್ನು ಜಾಗ ನೋಡಿದವರು ಮಾತ್ರ ಹೇಳಬಲ್ಲರು. ಸಮುದ್ರಕ್ಕೆ ಹತ್ತಿರದ ಕಿಂಡಿ ಅಣೆಕಟ್ಟುಗಳು ಉಪ್ಪುನೀರು ಒಳಬರದಂತೆಯೂ ತಡೆಯುತ್ತವೆ. ಅಲ್ಲಿ ಹಲಗೆಯ ಮೇಲೆ ಸಿಹಿನೀರು, ಕೆಳಗೆ ಉಬ್ಬರವಿಳಿತದ ಉಪ್ಪು. ಅಂಥ ಕಡೆ ಕೀಟ ಕಡಿಮೆಯಾದರೆ ಕಾರಣ ಉಪ್ಪೂ ಆಗಿರಬಹುದು, ಹಾಗಾಗಿ ಅವಳು ಉಬ್ಬರ ತಲುಪದ ತೋಡುಗಳನ್ನೇ ಆರಿಸಿಕೊಳ್ಳಬೇಕು. ಇತ್ತ ಹೆಬ್ರಿಯಿಂದ ಮೇಲೆ ಹೋದರೆ ಸೋಮೇಶ್ವರ ವನ್ಯಜೀವಿಧಾಮ. ಅದರೊಳಗೆ ಒಂದು ಕೀಟ ಹಿಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ತೋಟ-ಗದ್ದೆಗಳ ನಡುವಿನ ತೋಡಾದರೆ ಅಕ್ಕಪಕ್ಕದ ತೋಟದವರನ್ನೂ ಪಂಚಾಯಿತಿಯನ್ನೂ ಕೇಳಿಕೊಂಡು ಇಳಿಯಬಹುದು.

ಇಷ್ಟು ಯೋಚಿಸಿದ ಮೇಲೆ ಪತ್ರ ಬರೆಯಲು ಅರ್ಧ ಗಂಟೆ ಸಾಕು. ವಿಶ್ವವಿದ್ಯಾಲಯಗಳಲ್ಲಿ ಇಂಥ ಪತ್ರ ಇಂಗ್ಲಿಷಿನಲ್ಲಿ ಹೋಗುವುದೇ ರೂಢಿ. ಕನ್ನಡ ಬಲ್ಲ ಅಧ್ಯಾಪಕರಿಗೆ ಕನ್ನಡದಲ್ಲೇ ಬರೆದರೆ ಅದರಿಂದ ಯಾವ ಕೊರತೆಯೂ ಆಗದು ಎಂಬುದು ನನ್ನ ನಂಬಿಕೆ. ಅವಳ ಪತ್ರ ಹೀಗಿರಬಹುದು:

ವಿಷಯ: ಎಂ.ಎಸ್ಸಿ. ಪ್ರಾಜೆಕ್ಟ್ ಮಾರ್ಗದರ್ಶನಕ್ಕೆ ಕೋರಿಕೆ – ಕಿಂಡಿ ಅಣೆಕಟ್ಟು ಮತ್ತು ತೋಡಿನ ಕೀಟಗಳು, ಸೀತಾನದಿ

ಮಾನ್ಯ ಮೇಡಂ,

ನಾನು ಪರಿಸರ ವಿಜ್ಞಾನ ಎಂ.ಎಸ್ಸಿ. ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ. ಮುಂದಿನ ವರ್ಷದ ನನ್ನ ಪ್ರಾಜೆಕ್ಟಿಗೆ ತಾವು ಗೈಡ್ ಆಗಲು ಸಾಧ್ಯವೇ ಎಂದು ಕೇಳಲು ಈ ಪತ್ರ.

ನನ್ನ ಊರು ಹೆಬ್ರಿಯ ಹತ್ತಿರ. ಸೀತಾನದಿಗೆ ಸೇರುವ ತೋಡುಗಳ ಕಿಂಡಿ ಅಣೆಕಟ್ಟುಗಳಿಗೆ ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ. ಹಲಗೆ ಹಾಕಿದ ಆರು ವಾರಗಳ ನಂತರ ಕೆಳಗಿನ ಸೆಳವಿನಲ್ಲಿ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಮರಿಗಳ ಸಂಖ್ಯೆ ಬದಲಾಗುತ್ತದೆಯೇ ಎಂದು ತಿಳಿಯುವುದು ನನ್ನ ಉದ್ದೇಶ. ಹರಿವು ಕಡಿಮೆಯಾಗಿ ಕಲ್ಲಿನ ಮೇಲೆ ಕೆಸರು ಕೂರುವುದರಿಂದ, ಬಲೆ ಹೆಣೆಯುವ ಕ್ಯಾಡಿಸ್ ಮರಿಗಳು ಎಲ್ಲಕ್ಕಿಂತ ಮೊದಲು ಕಡಿಮೆಯಾಗಬಹುದು ಎಂಬುದು ನನ್ನ ಊಹೆ.

ಉಬ್ಬರ ತಲುಪದ, ಅರಣ್ಯದ ಹೊರಗಿನ ನಾಲ್ಕು ಅಣೆಕಟ್ಟುಗಳನ್ನು ನೋಡಿ ಬಂದಿದ್ದೇನೆ. ಪ್ರತಿಯೊಂದರ ಮೇಲೆ ಮತ್ತು ಕೆಳಗೆ, ಹಲಗೆ ಹಾಕುವ ಮೊದಲು ಮತ್ತು ನಂತರ, ಮೂರು ಮೂರು ಮಾದರಿಗಳಂತೆ ಒಟ್ಟು 48 ಮಾದರಿ ತೆಗೆಯಬಹುದು ಎಂದುಕೊಂಡಿದ್ದೇನೆ. ಗುರುತಿಸುವುದು ಕುಟುಂಬದ ಮಟ್ಟದವರೆಗೆ. ಹಲಗೆ ಹಾಕುವ ದಿನವನ್ನು ಊರಿನವರು ಮಳೆ ನೋಡಿ ತೀರ್ಮಾನಿಸುತ್ತಾರೆ, ಹಾಗಾಗಿ ಮೊದಲ ಸುತ್ತು ನವೆಂಬರ್ ಎರಡನೇ ವಾರದೊಳಗೆ ಮುಗಿಯಬೇಕು.

ಹೊಳೆಯ ಕೀಟಗಳ ಮೇಲಿನ ತಮ್ಮ ಲೇಖನ ಓದಿದ್ದೇನೆ. ಅದರಲ್ಲಿ ತಾವು ಒಂದೇ ಋತುವಿನ ಮಾದರಿಗಳನ್ನು ತೆಗೆದುಕೊಂಡಿದ್ದೀರಿ. ನನ್ನ ಕೆಲಸದಲ್ಲಿ ಎರಡು ಸುತ್ತು ಇರುವುದರಿಂದ ಹೋಲಿಕೆಗೆ ಯಾವ ಲೆಕ್ಕಾಚಾರ ಸರಿ ಎಂಬುದು ನನಗೆ ಸ್ಪಷ್ಟವಾಗಿಲ್ಲ. ಕೀಟ ಗುರುತಿಸುವುದನ್ನು ಪ್ರಾಯೋಗಿಕ ತರಗತಿಯಲ್ಲಿ ಸ್ವಲ್ಪ ಕಲಿತಿದ್ದೇನೆ, ಇನ್ನೂ ಕಲಿಯಬೇಕು. ಸರ್ಬರ್ ಬಲೆ ಮತ್ತು ಸೂಕ್ಷ್ಮದರ್ಶಕ ತಮ್ಮ ಲ್ಯಾಬಿನಲ್ಲಿ ಬಳಸಲು ಸಿಗಬಹುದೇ?

ತಮಗೆ ಬಿಡುವಿದ್ದಾಗ ಹದಿನೈದು ನಿಮಿಷ ಬಂದು ಮಾತಾಡಲು ಸಿದ್ಧಳಿದ್ದೇನೆ. ಈ ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಆಗದಿದ್ದರೆ ದಯವಿಟ್ಟು ಹಾಗೆಯೇ ತಿಳಿಸಿ.

ವಂದನೆಗಳೊಂದಿಗೆ,
(ಹೆಸರು, ವಿಭಾಗ, ಮೊಬೈಲ್ ಸಂಖ್ಯೆ)

ಪತ್ರ ಒಂದು ಪುಟ ದಾಟಿಲ್ಲ. ಮೊದಲ ಎರಡು ಸಾಲಿನಲ್ಲೇ ಕೇಳಬೇಕಾದ್ದನ್ನು ಕೇಳಿದೆ. ಹೊಗಳಿಕೆ ಇಲ್ಲ. ‘ತಮ್ಮಂಥ ಮಹಾನ್ ವಿದ್ವಾಂಸರ’ ಎಂದು ಶುರುವಾಗುವ ಪತ್ರವನ್ನು ಬೇರೆ ಇನ್ನೆಷ್ಟು ಜನರಿಗೆ ಕಳಿಸಿರಬಹುದು ಎಂಬ ಅನುಮಾನ ಓದುವವರಿಗೆ ಬಂದೇ ಬರುತ್ತದೆ. ಅದಕ್ಕೆ ಬದಲಾಗಿ ಇವಳು ಅಧ್ಯಾಪಕಿಯ ಒಂದು ಲೇಖನವನ್ನು ಓದಿ, ಅದಕ್ಕೂ ತನ್ನ ಕೆಲಸಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೆ ಎಂದು ಹೇಳಿದ್ದಾಳೆ. ಲೇಖನ ಓದದೆ ಹೆಸರು ಮಾತ್ರ ಬರೆದವರು ಮೊದಲ ಭೇಟಿಯಲ್ಲೇ ಸಿಕ್ಕಿಬೀಳುತ್ತಾರೆ. ‘ಅದರಲ್ಲಿ ನಾವು ಮಾದರಿ ತೆಗೆದದ್ದು ಎಲ್ಲಿ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ನನಗೆ ಈ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ‘ನೋಡಿ ಬಂದಿದ್ದೇನೆ’ ಎಂಬ ಮಾತು ಮತ್ತು ಹಲಗೆ ಹಾಕುವ ದಿನದ ಬಗ್ಗೆ ಬರೆದ ಸಾಲು. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಮಳೆ ಬಂದರೆ ಹಲಗೆ ತಡವಾಗುತ್ತದೆ. ಬಾರದಿದ್ದರೆ ಬೇಗ ಹಾಕಿಬಿಡುತ್ತಾರೆ. ‘ಮೊದಲು’ ಎಂಬ ಸುತ್ತು ತಪ್ಪಿದರೆ ಇಡೀ ಪ್ರಾಜೆಕ್ಟಿನ ಅರ್ಧ ಹೋದಂತೆ, ಮತ್ತೆ ಅದನ್ನು ಅಳೆಯಲು ಒಂದು ವರ್ಷ ಕಾಯಬೇಕು. ಇದನ್ನು ತಿಳಿದವಳು ತೋಡಿನ ಬದಿಯಲ್ಲಿ ನಿಂತು ಯಾರನ್ನೋ ಕೇಳಿಕೊಂಡಿದ್ದಾಳೆ ಎಂದರ್ಥ. ಅಂಕಪಟ್ಟಿಯಲ್ಲಿ ಇದು ಕಾಣಿಸುವುದಿಲ್ಲ.

ಪತ್ರಕ್ಕೆ ಉತ್ತರ ಬಂದರೆ ಅದು ಸಾಮಾನ್ಯವಾಗಿ ಪ್ರಶ್ನೆಗಳ ರೂಪದಲ್ಲಿರುತ್ತದೆ. ‘ಹರಿವನ್ನು ಹೇಗೆ ಅಳೆಯುತ್ತೀಯಮ್ಮ? ಕರೆಂಟ್ ಮೀಟರ್ ನಮ್ಮಲ್ಲಿಲ್ಲ’ ಎಂದು ಕೇಳಬಹುದು. ಅದಕ್ಕೆ ಹಳೆಯ ಸರಳ ಉಪಾಯವಿದೆ. ತೋಡಿನಲ್ಲಿ ಹತ್ತು ಮೀಟರ್ ಗುರುತು ಮಾಡಿ ಒಂದು ಕಿತ್ತಳೆ ಹಣ್ಣನ್ನು ತೇಲಿಬಿಟ್ಟು ಸಮಯ ನೋಡುವುದು. ಇಪ್ಪತ್ತು ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದ ಕಡೆ ನೀರು ನಿಧಾನವಾಗಿ ಹೋಗುವುದರಿಂದ ಅದನ್ನು 0.85ರಿಂದ ಗುಣಿಸಿದರೆ ಸುಮಾರಾಗಿ ಸರಾಸರಿ ವೇಗ ಸಿಗುತ್ತದೆ. ‘ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲೂ ಅದೇ ಬಲೆ ಹಾಕಬಾರದೇಕೆ?’ ಎಂಬುದು ಇನ್ನೊಂದು ಪ್ರಶ್ನೆಯಾಗಬಹುದು. ಹಾಕಲಾಗದು, ಏಕೆಂದರೆ ಸರ್ಬರ್ ಬಲೆ ಕೀಟವನ್ನು ಒಳಗೆ ತಳ್ಳಲು ಹರಿವನ್ನೇ ನೆಚ್ಚಿದೆ. ನಿಂತ ನೀರಿನ ತಳಕ್ಕೆ ಬೇರೆ ಸಲಕರಣೆ ಬೇಕು, ಎರಡು ಸಲಕರಣೆಗಳ ಅಂಕಿಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಇಂಥ ಪ್ರಶ್ನೆಗಳನ್ನು ತಿರಸ್ಕಾರ ಎಂದುಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಅಧ್ಯಾಪಕರು ಇಷ್ಟು ಕೇಳುತ್ತಿದ್ದಾರೆಂದರೆ ಅವರು ಆಗಲೇ ಆ ಕೆಲಸದೊಳಗೆ ಇಳಿದಿದ್ದಾರೆ.

ಒಂದೇ ಪತ್ರವನ್ನು ಎಲ್ಲರಿಗೂ ಕಳಿಸಲಾಗದು ಎಂಬುದನ್ನೂ ಹೇಳಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ, ಮಂಗಳಗಂಗೋತ್ರಿಗೋ, ಮಂಗಳೂರಿನ ಮೀನುಗಾರಿಕೆ ಕಾಲೇಜಿಗೋ ಬರೆಯುವ ಮೊದಲು ಅಲ್ಲಿನವರ ಕೆಲಸ ಏನೆಂದು ನೋಡಬೇಕು. ನೀರಿನ ರಸಾಯನಶಾಸ್ತ್ರ ಮಾಡುವವರ ಬಳಿ ಕೀಟ ಗುರುತಿಸಲು ಸಹಾಯ ಸಿಗದು. ಆದರೆ ಅದೇ ಅಣೆಕಟ್ಟುಗಳಲ್ಲಿ ಅವರ ಬಳಿ ಕೇಳಬಹುದಾದ ಬೇರೆ ಪ್ರಶ್ನೆಯಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಗಾಳಿಯಿಂದ ಹೀರಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಹಲಗೆಯ ಹಿಂದೆ ನಿಂತ ನೀರಿನಲ್ಲಿ ಪಾಚಿ ಬೆಳೆದರೆ ಹಗಲಲ್ಲಿ ಅದು ಏರುತ್ತದೆ, ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಬೆಳಗಿನ ಜಾವಕ್ಕೆ ಇಳಿಯುತ್ತದೆ. ಹತ್ತು ಗಂಟೆಗೆ ಬಸ್ಸಿಳಿದು ಹೋಗಿ ಅಳೆದವರಿಗೆ ಆ ಇಳಿತ ಕಾಣುವುದೇ ಇಲ್ಲ. ಬೆಳಗಿನ ಆರಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ವಿಂಕ್ಲರ್ ವಿಧಾನದಲ್ಲಿ ಅಳೆದರೆ ಕಾಣುತ್ತದೆ, ಅದಕ್ಕೆ ಊರಿನ ಹುಡುಗಿಯೇ ಬೇಕು. ಹೀಗೆ ಜಾಗ ಅದೇ, ಅಧ್ಯಾಪಕರಿಗೆ ತಕ್ಕಂತೆ ಪ್ರಶ್ನೆ ಬೇರೆ. ಕೆಲವು ವಿಭಾಗಗಳಲ್ಲಿ ಗೈಡ್ ಯಾರೆಂದು ವಿಭಾಗವೇ ಹಂಚುತ್ತದೆ, ಅಲ್ಲಿ ಹೊರಗಿನವರನ್ನು ಸಹ-ಮಾರ್ಗದರ್ಶಕರಾಗಿ ಕೇಳಬಹುದೇ ಎಂದು ಮೊದಲು ವಿಭಾಗದ ಮುಖ್ಯಸ್ಥರಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಉತ್ತರ ಬಾರದಿದ್ದರೆ ಹತ್ತು ದಿನ ಕಾದು ಅದೇ ಪತ್ರದ ಕೆಳಗೆ ಎರಡು ಸಾಲಿನ ನೆನಪೋಲೆ ಕಳಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಬೇರೆಯವರನ್ನು ಕೇಳಬೇಕು. ಒಂದೇ ದಿನ ಐದು ಜನರಿಗೆ ಕಳಿಸಿ, ಇಬ್ಬರು ಒಪ್ಪಿದಾಗ ಒಬ್ಬರಿಗೆ ಮುಖ ತಪ್ಪಿಸುವುದು ಸಣ್ಣ ಕ್ಷೇತ್ರದಲ್ಲಿ ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ.

ಪತ್ರ ಹೋಗಬೇಕಾದ್ದು ಜೂನ್ ಅಥವಾ ಜುಲೈನಲ್ಲಿ, ತೋಡು ತುಂಬಿ ಹರಿಯುವಾಗ. ಬಲೆ ಹೊಂದಿಸಲು, ಗುರುತಿಸುವುದನ್ನು ಕಲಿಯಲು, ಅಕ್ಟೋಬರಿನಲ್ಲಿ ಒಮ್ಮೆ ಹೋಗಿ ಪ್ರಾಯೋಗಿಕವಾಗಿ ಒಂದೆರಡು ಮಾದರಿ ತೆಗೆದು ನೋಡಲು ಅಷ್ಟು ಸಮಯ ಬೇಕು. ವಿಭಾಗದಲ್ಲಿ ಗೈಡ್‌ಗಳ ಪಟ್ಟಿ ಹಾಕುವವರೆಗೆ ಕಾದು ಡಿಸೆಂಬರಿನಲ್ಲಿ ಬರೆದರೆ ಹಲಗೆಗಳು ಆಗಲೇ ಬಿದ್ದಿರುತ್ತವೆ.

ಅಧ್ಯಾಪಕರಲ್ಲಿ ಒಂದು ಕೋರಿಕೆ. ಇಂಥ ಪತ್ರಕ್ಕೆ ಒಪ್ಪಿಗೆ ಕೊಡಲಾಗದಿದ್ದರೂ ‘ಈ ವರ್ಷ ಆಗದು’ ಎಂಬ ಒಂದು ಸಾಲನ್ನು ಆ ವಾರವೇ ಬರೆಯಿರಿ, ಸಾಧ್ಯವಾದರೆ ಯಾರನ್ನು ಕೇಳಬಹುದು ಎಂದೂ ತಿಳಿಸಿ. ನಿಮ್ಮ ಉತ್ತರಕ್ಕಾಗಿ ಕಾದು ಕೂತ ವಿದ್ಯಾರ್ಥಿನಿಗೆ ನವೆಂಬರ್ ತಪ್ಪಿದರೆ, ಅವಳ ಓದಿನ ಅವಧಿಯಲ್ಲಿ ಇನ್ನೊಂದು ನವೆಂಬರ್ ಬರುವುದಿಲ್ಲ.